ಐಡ್ಲಿಂಗ್‌ನಲ್ಲಿ ನಡುಗುವ ಗಾಡಿ, ಉರಿಯುವ ಚೆಕ್ ಎಂಜಿನ್ ಲೈಟ್: P0303 ಬಂದಾಗ ಮುಂದೇನು?

ಸಿಗ್ನಲ್‌ನಲ್ಲಿ ಗಾಡಿ ನಿಂತಾಗ ಸ್ಟೇರಿಂಗ್ ನಡುಗುತ್ತದೆ, ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತದೆ, ಮೀಟರಿನಲ್ಲಿ ಹಳದಿ ಎಂಜಿನ್ ಚಿತ್ರ ಉರಿಯುತ್ತಿರುತ್ತದೆ. ಆದರೆ ಆಕ್ಸಿಲರೇಟರ್ ಒತ್ತಿ ವೇಗ ಹಿಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಸ್ಕ್ಯಾನರ್ ಹಾಕಿದರೆ P0303 ಎಂದು ತೋರಿಸುತ್ತದೆ. ಅರ್ಥ, ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಇದನ್ನು ನೋಡಿದ ಕೂಡಲೇ ಬರುವ ಸಲಹೆ ಒಂದೇ: "ಕಾಯಿಲ್ ಹೋಗಿದೆ, ಹೊಸದು ಹಾಕಿಬಿಡಿ." ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ. ನಿಜವಲ್ಲದಿದ್ದಾಗ ಕಾಯಿಲ್, ಪ್ಲಗ್, ಇಂಜೆಕ್ಟರ್ ಎಂದು ಒಂದೊಂದಾಗಿ ಬದಲಾಯಿಸುತ್ತಾ ಹೋಗಿ ದುಡ್ಡು ಖಾಲಿಯಾಗುತ್ತದೆಯೇ ಹೊರತು ನಡುಕ ನಿಲ್ಲುವುದಿಲ್ಲ.

ಇಲ್ಲಿ ಹೇಳುವುದೆಲ್ಲ ನಾಲ್ಕು ಸಿಲಿಂಡರ್‌ನ, ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್ ಕೂರುವ ಪೆಟ್ರೋಲ್ ಎಂಜಿನ್‌ಗೆ. ಡೀಸೆಲ್ ಗಾಡಿಯ ನಡುಕದ ದಾರಿಯೇ ಬೇರೆ.

ಕೋಡ್ ನಿಜವಾಗಿ ಹೇಳುವುದೇನು

ಮಿಸ್‌ಫೈರ್ ಆಯಿತೆಂದು ಎಂಜಿನ್ ಕಂಪ್ಯೂಟರ್‌ಗೆ ಗೊತ್ತಾಗುವುದು ಪ್ಲಗ್‌ನಿಂದಲೂ ಅಲ್ಲ, ಕಾಯಿಲ್‌ನಿಂದಲೂ ಅಲ್ಲ. ಹೆಚ್ಚಿನ ಗಾಡಿಗಳಲ್ಲಿ ಎಂಜಿನ್‌ನ ಮುಖ್ಯ ತಿರುಗು ದಂಡವಾದ ಕ್ರ್ಯಾಂಕ್‌ನ ವೇಗ ನೋಡುವ ಸೆನ್ಸರ್‌ನಿಂದ. ನಾಲ್ಕು ಸಿಲಿಂಡರ್‌ನ ಎಂಜಿನ್‌ನಲ್ಲಿ ಕ್ರ್ಯಾಂಕ್ ಅರ್ಧ ಸುತ್ತು ತಿರುಗುವಷ್ಟರಲ್ಲಿ ಒಂದು ಸಿಲಿಂಡರ್ ಉರಿದು ಅದಕ್ಕೊಂದು ತಳ್ಳು ಕೊಡುತ್ತದೆ. ಯಾವ ಅರ್ಧ ಸುತ್ತಿನಲ್ಲಿ ಆ ತಳ್ಳು ಬರಲಿಲ್ಲವೋ ಅಲ್ಲಿ ಕ್ರ್ಯಾಂಕ್ ಒಂದಿಷ್ಟು ನಿಧಾನವಾಗುತ್ತದೆ. ಆ ಸರದಿ ಯಾರದೆಂದು ಕಂಪ್ಯೂಟರ್ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ P0303 ಎಂದರೆ ಮೂರನೆಯದರ ಸರದಿಯಲ್ಲಿ ಕ್ರ್ಯಾಂಕ್ ನಿಧಾನವಾಯಿತು, ಅಷ್ಟೇ. ಅಲ್ಲಿ ಕಿಡಿ ಬರಲಿಲ್ಲವೋ, ಪೆಟ್ರೋಲ್ ಸಾಲಲಿಲ್ಲವೋ, ಗಾಳಿ ಹೆಚ್ಚಾಯಿತೋ, ಕಂಪ್ರೆಷನ್ ಸೋರಿತೋ ಎಂಬುದನ್ನು ಕೋಡ್ ಹೇಳುವುದಿಲ್ಲ.

ಜೊತೆಗೆ P0353 ಕೂಡ ಇದ್ದರೆ ಮಾತು ಬೇರೆ. ಅದು ಮೂರನೇ ಕಾಯಿಲ್‌ನ ವಿದ್ಯುತ್ ಸರ್ಕ್ಯೂಟ್‌ನಲ್ಲೇ ತೊಂದರೆಯಿದೆ ಎನ್ನುವ ಕೋಡ್. ಆಗ ಮೊದಲು ಆ ಕಾಯಿಲ್‌ನ ಕನೆಕ್ಟರ್ ಮತ್ತು ವೈರ್ ನೋಡಬೇಕು. ಹಾಗೆಯೇ P0203 ಮೂರನೇ ಇಂಜೆಕ್ಟರ್‌ನ ಸರ್ಕ್ಯೂಟ್‌ನದು. ಈ ಎರಡೂ ಇಲ್ಲದೆ P0303 ಒಂದೇ ಬಂದಿದ್ದರೆ ಮುಂದೆ ಓದಿ.

ಎಲ್ಲಕ್ಕಿಂತ ಮೊದಲು ಒಂದು ವಿಷಯ. ಲೈಟ್ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆಗೋ ಗ್ಯಾರೇಜಿಗೋ ಹೋಗಬಹುದು. ಮಿನುಗುತ್ತಿದ್ದರೆ ಮಿಸ್‌ಫೈರ್ ಜೋರಾಗಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಕನ್ವರ್ಟರ್ ಒಳಗೆ ಕರಗಿದರೆ ಆಗುವ ಖರ್ಚಿನ ಮುಂದೆ ಟೋಯಿಂಗ್ ಖರ್ಚು ಏನೂ ಅಲ್ಲ. ಆಕ್ಸಿಲರೇಟರ್ ಸಡಿಲಿಸಿ, ಆಗಲೂ ಮಿನುಗು ನಿಲ್ಲದಿದ್ದರೆ ಗಾಡಿಯನ್ನು ಪಕ್ಕಕ್ಕೆ ಹಾಕಿ.

ಅಳಿಸುವ ಮೊದಲು ಬರೆದುಕೊಳ್ಳಿ

ತನ್ನ ತೊಂದರೆಯನ್ನು ಎಂಜಿನ್ ತಾನೇ ಕೋಡ್ ಆಗಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ನಮ್ಮಲ್ಲಿ ಕಾರುಗಳಿಗೆ ಕಡ್ಡಾಯವಾಗಿದ್ದು ಬಿಎಸ್-4 ಕಾಲದಲ್ಲಿ, 2013ರ ಏಪ್ರಿಲ್‌ನಿಂದ. ಆಮೇಲಿನ ಗಾಡಿಗಳಲ್ಲಿ ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ. ಸಾಧಾರಣ ಬ್ಲೂಟೂತ್ ಅಡಾಪ್ಟರ್ ಮತ್ತು ಫೋನಿನ ಆ್ಯಪ್ ಸಾಕು. ಆ್ಯಪ್ ಒಳಗೊಳಗೆ ಕಳಿಸುವ ಪ್ರಶ್ನೆ, ಗಾಡಿ ಕೊಡುವ ಉತ್ತರ ಹೀಗಿರುತ್ತವೆ:

```
>03
43 01 03 03
>07
47 01 03 00
```

03 ಎಂದರೆ ದಾಖಲಾದ ಕೋಡ್‌ಗಳನ್ನು ಕೊಡು ಎಂಬ ಪ್ರಶ್ನೆ. ಉತ್ತರದ 43 ಆ ಪ್ರಶ್ನೆಗೆ ಬಂದ ಜವಾಬು, 01 ಎಂದರೆ ಒಂದು ಕೋಡ್ ಇದೆ, ಉಳಿದದ್ದು P0303. ಎರಡನೆಯದಾದ 07 ಇನ್ನೂ ಲೈಟ್ ಹಚ್ಚುವಷ್ಟು ಗಟ್ಟಿಯಾಗದ, ಅನುಮಾನದ ಹಂತದಲ್ಲಿರುವ ಕೋಡ್‌ಗಳನ್ನು ಕೇಳುತ್ತದೆ. ಅಲ್ಲಿ P0300 ಸಿಕ್ಕಿದೆ, ಅಂದರೆ ಯಾವುದೋ ಒಂದಕ್ಕೆ ಅಂಟದ, ಅಲ್ಲೊಂದು ಇಲ್ಲೊಂದು ಮಿಸ್‌ಫೈರ್. ಆ್ಯಪ್‌ನಲ್ಲಿ ಇದು "ಪೆಂಡಿಂಗ್" ಎಂಬ ಬೇರೆ ಪುಟದಲ್ಲಿರುತ್ತದೆ. ಹಲವರು ಆ ಪುಟವನ್ನು ತೆರೆಯುವುದೇ ಇಲ್ಲ.

ಕೋಡ್‌ಗಿಂತ ಹೆಚ್ಚು ಬೆಲೆಬಾಳುವುದು ಅದರ ಜೊತೆ ಉಳಿದಿರುವ ಫ್ರೀಜ್ ಫ್ರೇಮ್. ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ಒಂದು ಸಾಲು ಅಂಕಿ ಅದು. "ಕ್ಲಿಯರ್" ಒತ್ತಿದರೆ ಕೋಡ್ ಜೊತೆ ಇದೂ ಅಳಿಸಿಹೋಗುತ್ತದೆ. ಲೈಟ್ ಆರಿಸಿಕೊಡುತ್ತೇನೆಂದು ಮೊದಲು ಕ್ಲಿಯರ್ ಒತ್ತುವ ಮೆಕ್ಯಾನಿಕ್ ನಿಮ್ಮ ಮುಖ್ಯ ಸಾಕ್ಷಿಯನ್ನೇ ಒರೆಸಿಹಾಕಿದಂತೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಒಂದು ಉದಾಹರಣೆ ಇಟ್ಟುಕೊಂಡೇ ಮುಂದೆ ಹೋಗೋಣ. ಬೆಂಗಳೂರಿನಲ್ಲಿ ಓಡುವ 1.2 ಲೀಟರ್ ಪೆಟ್ರೋಲ್ ಕಾರು, 72,000 ಕಿ.ಮೀ. ಆಗಿದೆ. ಫ್ರೀಜ್ ಫ್ರೇಮ್‌ನಲ್ಲಿ ಆರ್‌ಪಿಎಂ 742, ವೇಗ 0, ಕೂಲಂಟ್ 89 ಡಿಗ್ರಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಒತ್ತಡ 41 ಕಿಲೋಪಾಸ್ಕಲ್, ಮುಂದೆ ವಿವರಿಸುವ ಪೆಟ್ರೋಲ್ ತಿದ್ದುಪಡಿಯ ಅಂಕಿಗಳು STFT +4, LTFT +9. ಇಷ್ಟರಿಂದಲೇ ತಿಳಿಯುವುದೇನೆಂದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಗಾಡಿ ನಿಂತು, ಐಡ್ಲಿಂಗ್‌ನಲ್ಲಿರುವಾಗ ತೊಂದರೆ ಬಂದಿದೆ. ನಮ್ಮ ಪರೀಕ್ಷೆಗಳೂ ಅದೇ ಸ್ಥಿತಿಯಲ್ಲಿ ನಡೆಯಬೇಕು. ತಣ್ಣಗಿರುವ ಎಂಜಿನ್ ಮೇಲೆ ಪರೀಕ್ಷೆ ಮಾಡಿ "ಸರಿಯಾಗಿದೆಯಲ್ಲ" ಎಂದರೆ ಪ್ರಯೋಜನವಿಲ್ಲ.

ಬಾನೆಟ್ ತೆಗೆದಾಗ ಮೊದಲ ನೋಟ

ಇತ್ತೀಚೆಗೆ ಎಂಜಿನ್‌ಗೆ ವಾಟರ್ ವಾಶ್ ಮಾಡಿಸಿದ್ದರೆ ಕಾಯಿಲ್ ಎತ್ತಿ ಪ್ಲಗ್ ಕೂರುವ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ನೀರು ನಿಂತರೆ ಕಿಡಿ ಪ್ಲಗ್‌ನ ತುದಿಗೆ ಹೋಗುವ ಬದಲು ಪಕ್ಕದಿಂದಲೇ ಹಾರಿಹೋಗುತ್ತದೆ. ಒಣಗಿಸಿದರೆ ಕೆಲಸ ಮುಗಿಯಿತು. ನೀರಿನ ಬದಲು ಆಯಿಲ್ ಇದ್ದರೆ ವಾಲ್ವ್ ಕವರ್‌ನ ಸೀಲ್ ಸೋರುತ್ತಿದೆ, ಕಾಯಿಲ್‌ನ ರಬ್ಬರ್ ಬೂಟ್ ಉಬ್ಬಿ ಹಾಳಾಗಿರುವ ಸಾಧ್ಯತೆ ಇದೆ. ಮಳೆಗಾಲದಲ್ಲಿ ಇಲಿ ಕಡಿದ ವೈರ್ ಮತ್ತು ರಬ್ಬರ್ ಪೈಪ್‌ಗಳೂ ಸಾಮಾನ್ಯ. ಕಾಯಿಲ್ ಹಾರ್ನೆಸ್ ಹೋಗುವ ದಾರಿಯುದ್ದಕ್ಕೂ ಕೈಯಾಡಿಸಿ ನೋಡಿ.

ಒಂದೇ ಓಟದಲ್ಲಿ ಮೂರು ಉತ್ತರ

ಹೊಸ ಭಾಗ ಕೊಳ್ಳದೆ, ಇರುವ ಭಾಗಗಳನ್ನೇ ಜಾಗ ಬದಲಿಸಿ ಪರೀಕ್ಷಿಸುವುದು ಹಳೆಯ ಪದ್ಧತಿ. ಸಾಮಾನ್ಯವಾಗಿ ಕಾಯಿಲ್ ಒಂದನ್ನೇ ಬದಲಿಸಿ ನೋಡುತ್ತಾರೆ. ಕಾಯಿಲ್ ಮತ್ತು ಪ್ಲಗ್ ಎರಡನ್ನೂ ಬೇರೆ ಬೇರೆ ಸಿಲಿಂಡರ್‌ಗೆ ಕಳಿಸಿದರೆ ಎಂಜಿನ್ ಒಂದೇ ಸಲ ಓಡಿಸಿ ತೀರ್ಮಾನಕ್ಕೆ ಬರಬಹುದು. ಮೂರನೇ ಕಾಯಿಲ್ ಒಂದನೆಯದಕ್ಕೆ, ಒಂದನೆಯದು ಮೂರಕ್ಕೆ. ಮೂರನೇ ಪ್ಲಗ್ ನಾಲ್ಕಕ್ಕೆ, ನಾಲ್ಕನೆಯದು ಮೂರಕ್ಕೆ. ಇಂಜೆಕ್ಟರ್ ಮುಟ್ಟಬೇಡಿ.

ಎಣಿಕೆ ತಪ್ಪಬಾರದು. ಅಡ್ಡಲಾಗಿ ಕೂರಿಸಿದ ಹೆಚ್ಚಿನ ಎಂಜಿನ್‌ಗಳಲ್ಲಿ ಬೆಲ್ಟ್ ತಿರುಗುವ ಪುಲ್ಲಿಯ ಕಡೆಯದು ಒಂದನೇ ಸಿಲಿಂಡರ್. ಕೆಲವು ಫ್ರೆಂಚ್ ಎಂಜಿನ್‌ಗಳಲ್ಲಿ ಮಾತ್ರ ಗೇರ್‌ಬಾಕ್ಸ್ ಕಡೆಯಿಂದ ಎಣಿಸುತ್ತಾರೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಎರಡನೆಯದನ್ನು ಮೂರನೆಯದೆಂದು ಬಿಚ್ಚಿ ಇಡೀ ಪರೀಕ್ಷೆ ವ್ಯರ್ಥವಾಗುತ್ತದೆ.

ಎಂಜಿನ್ ತಣಿದ ಮೇಲೆಯೇ ಪ್ಲಗ್ ಬಿಚ್ಚಬೇಕು. ಅಲ್ಯೂಮಿನಿಯಂ ಹೆಡ್ ಬಿಸಿಯಿದ್ದಾಗ ಬಿಚ್ಚಿದರೆ ಥ್ರೆಡ್ ಕಿತ್ತುಬರಬಹುದು. ಕಾಯಿಲ್‌ನ ಬೋಲ್ಟ್‌ಗೆ ಸಾಮಾನ್ಯವಾಗಿ 10 ನಂಬರ್ ಸಾಕೆಟ್, ಪ್ಲಗ್‌ಗೆ ಈಚಿನ ಗಾಡಿಗಳಲ್ಲಿ 14 ಅಥವಾ 16. ಕಾಯಿಲ್ ಎಳೆಯುವ ಮೊದಲು ಸ್ವಲ್ಪ ತಿರುಗಿಸಿ ರಬ್ಬರ್ ಸಡಿಲ ಮಾಡಿ, ನೇರ ಎಳೆದರೆ ಬೂಟ್ ಒಳಗೇ ಉಳಿದುಬಿಡುತ್ತದೆ. ಪ್ಲಗ್ ಕೂರಿಸುವಾಗ ಮೊದಲ ಹಲವು ಸುತ್ತನ್ನು ಬರಿಗೈಯಲ್ಲೇ ತಿರುಗಿಸಿ, ಬಿಗಿಯುವುದನ್ನು ಪುಸ್ತಕದಲ್ಲಿರುವ ಟಾರ್ಕ್‌ಗೆ ಬಿಡಿ. ಓಡುತ್ತಿರುವ ಎಂಜಿನ್‌ನಲ್ಲಿ ಒಂದೊಂದೇ ಕಾಯಿಲ್ ಕೀಳುತ್ತಾ ನೋಡುವ ಅಭ್ಯಾಸ ಕೆಲವರಿಗಿದೆ. ಅದು ಬೇಡ: ಶಾಕ್ ಹೊಡೆಯುತ್ತದೆ, ಹಸಿ ಪೆಟ್ರೋಲ್ ಕನ್ವರ್ಟರ್‌ಗೆ ಹೋಗುತ್ತದೆ.

ಎಲ್ಲ ಕೂರಿಸಿದ ಮೇಲೆ ಕೋಡ್ ಅಳಿಸಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ನಂತರ ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಈಗ ಪೆಂಡಿಂಗ್ ಪುಟದಲ್ಲಿ P0301 ಬಂದರೆ ತಪ್ಪು ಕಾಯಿಲ್‌ನದು, P0304 ಬಂದರೆ ಪ್ಲಗ್‌ನದು. ಮತ್ತೆ P0303 ಬಂದರೆ ಎರಡೂ ನಿರಪರಾಧಿಗಳು, ತೊಂದರೆ ಮೂರನೇ ಸಿಲಿಂಡರ್‌ನಲ್ಲೇ ಉಳಿದಿದೆ.

ಕೋಡ್ ಬರುವವರೆಗೆ ಕಾಯುವ ಬದಲು, ಅಡಾಪ್ಟರ್ ಬೆಂಬಲಿಸಿದರೆ, "ಮೋಡ್ 06" ಎಂಬ ಪುಟದಲ್ಲಿ ಮಿಸ್‌ಫೈರ್ ಎಣಿಕೆಯನ್ನೇ ನೋಡಬಹುದು. ಅಲ್ಲಿ $A2 ಒಂದನೇ ಸಿಲಿಂಡರ್, $A3 ಎರಡನೆಯದು, $A4 ಮೂರನೆಯದು, $A5 ನಾಲ್ಕನೆಯದು. ಅಗ್ಗದ ನಕಲಿ ಅಡಾಪ್ಟರ್‌ಗಳಲ್ಲಿ ಈ ಪುಟ ಖಾಲಿ ಬರುವುದುಂಟು. ನಮ್ಮ ಉದಾಹರಣೆಯ ಕಾರಿನಲ್ಲಿ ಜಾಗ ಬದಲಿಸಿದ ಮೇಲೂ $A4 ಮಾತ್ರ ಏರುತ್ತಿತ್ತು, ಉಳಿದವು ಸೊನ್ನೆಯ ಆಸುಪಾಸಿನಲ್ಲಿದ್ದವು. 1000 ಸುತ್ತು ತಿರುಗುವಷ್ಟರಲ್ಲಿ ಒಂದು ಸಿಲಿಂಡರ್ 500 ಸಲ ಉರಿಯಬೇಕು. 750 ಆರ್‌ಪಿಎಂನಲ್ಲಿ ಅದಕ್ಕೆ 80 ಸೆಕೆಂಡ್ ಸಾಕು. ಆ ಅವಧಿಗೆ ಮೂರನೆಯದರಲ್ಲಿ 60 ಸಲ ತಪ್ಪಿದರೆ ಅದರ ಪಾಲಿಗೆ ನೂರಕ್ಕೆ 12. ಸ್ಟೇರಿಂಗ್ ನಡುಗಲು ಅಷ್ಟು ಧಾರಾಳವಾಯಿತು.

ಟ್ರಿಮ್ ಓದುವಾಗ ಬೀಳುವ ಹಳ್ಳ

ಈಗ ಉಳಿದವರು ಮೂವರು: ಮೂರನೇ ಇಂಜೆಕ್ಟರ್, ಮೂರನೇ ಸಿಲಿಂಡರ್‌ಗೆ ಗಾಳಿ ಹೋಗುವ ಪೋರ್ಟ್ ಹತ್ತಿರದ ಸೋರಿಕೆ, ಮೂರನೇ ಸಿಲಿಂಡರ್‌ನ ಕಂಪ್ರೆಷನ್. ಇವರಲ್ಲಿ ಯಾರನ್ನು ಮೊದಲು ವಿಚಾರಿಸಬೇಕೆಂದು ಫ್ಯುಯೆಲ್ ಟ್ರಿಮ್ ಹೇಳುತ್ತದೆ.

ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ, ಪೆಟ್ರೋಲ್ ಹೆಚ್ಚಿಸು ಅಥವಾ ತಗ್ಗಿಸು ಎಂದು ಹೇಳುತ್ತಲೇ ಇರುತ್ತದೆ. ಆ ಕ್ಷಣದ ತಿದ್ದುಪಡಿ STFT, ಕಲಿತು ಉಳಿಸಿಕೊಂಡ ತಿದ್ದುಪಡಿ LTFT. ಎರಡನ್ನೂ ಕೂಡಿಸಿ ಓದಬೇಕು. ಆರೋಗ್ಯವಾಗಿರುವ ಎಂಜಿನ್‌ನಲ್ಲಿ ಮೊತ್ತ ಸೊನ್ನೆಯಿಂದ ಐದರಷ್ಟು ಆಚೀಚೆ ಇರುತ್ತದೆ. ನಮ್ಮ ಕಾರಿನಲ್ಲಿ +13, ಅಂದರೆ ಲೆಕ್ಕಕ್ಕಿಂತ ನೂರಕ್ಕೆ 13ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ.

ಇಲ್ಲಿಯೇ ಎಡವುವುದು. ಪ್ಲಸ್ ಟ್ರಿಮ್ ಕಂಡ ತಕ್ಷಣ "ಪೆಟ್ರೋಲ್ ಸಾಲುತ್ತಿಲ್ಲ, ಪಂಪ್ ನೋಡಿ" ಎನ್ನುವಂತಿಲ್ಲ. ಮಿಸ್‌ಫೈರ್ ಆದ ಸಿಲಿಂಡರ್‌ನಿಂದ ಉರಿಯದ ಪೆಟ್ರೋಲ್ ಮಾತ್ರವಲ್ಲ, ಬಳಕೆಯಾಗದ ಆಮ್ಲಜನಕವೂ ಹೊರಬೀಳುತ್ತದೆ. ಸೆನ್ಸರ್ ಎಣಿಸುವುದು ಆಮ್ಲಜನಕವನ್ನು. ಹಾಗಾಗಿ ಕಿಡಿ ಇಲ್ಲದೆ ತಪ್ಪಿದರೂ ಟ್ರಿಮ್ ಪ್ಲಸ್ ಕಡೆಗೇ ಏರುತ್ತದೆ. P0303 ಜೊತೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎನ್ನುವ P0171 ಬಂದರೂ, ಎರಡನೆಯದು ಮೊದಲನೆಯದರ ಮಗುವೇ ಆಗಿರಬಹುದು.

ಆದ್ದರಿಂದ ಐಡ್ಲಿಂಗ್‌ನ ಒಂದು ಅಂಕಿಯನ್ನು ನೋಡಿ ನಿಲ್ಲಿಸಬೇಡಿ. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಮತ್ತೆ ಓದಿ. ಇಂಜೆಕ್ಟರ್ ಕಟ್ಟಿಕೊಂಡಿದ್ದರೆ ವೇಗ ಹೆಚ್ಚಿದಂತೆ ಕೊರತೆಯೂ ಹೆಚ್ಚುತ್ತದೆ, ಟ್ರಿಮ್ ಸಾಮಾನ್ಯವಾಗಿ ಇಳಿಯುವುದಿಲ್ಲ. ಗಾಳಿ ಸೋರಿಕೆಯಾದರೆ ಇಳಿಯುತ್ತದೆ. ಏಕೆಂದರೆ ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಮ್ಯಾನಿಫೋಲ್ಡ್‌ನೊಳಗಿನ ನಿರ್ವಾತವೂ ಗಟ್ಟಿ, ಸಣ್ಣ ಬಿರುಕಿನಿಂದ ನುಗ್ಗುವ ಗಾಳಿ ಒಟ್ಟು ಗಾಳಿಯಲ್ಲಿ ದೊಡ್ಡ ಪಾಲಾಗುತ್ತದೆ. ಎಂಜಿನ್ ಜೋರಾಗಿ ಎಳೆಯತೊಡಗಿದರೆ ಅದೇ ಬಿರುಕು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಕಾರಿನಲ್ಲಿ 2500ಕ್ಕೆ ಮೊತ್ತ +2ಕ್ಕೆ ಬಂತು. ಇಂಜೆಕ್ಟರ್ ಹಿಂದೆ ಸರಿಯಿತು, ಸೋರಿಕೆ ಮುಂದೆ ಬಂತು. ಆದರೆ ಸರಿಯಾಗಿ ಮುಚ್ಚದ ವಾಲ್ವ್ ಕೂಡ ಹೀಗೇ ಐಡ್ಲಿಂಗ್‌ನಲ್ಲಿ ಕಾಡಿ ವೇಗದಲ್ಲಿ ಮರೆಯಾಗುತ್ತದೆ, ಅದನ್ನು ಪಟ್ಟಿಯಿಂದ ತೆಗೆಯುವಂತಿಲ್ಲ.

ಸೋರಿಕೆಯಾದರೆ ಟ್ರಿಮ್ +20, +25 ಇರಬೇಕಲ್ಲವೇ ಎಂದು ಕೇಳಬಹುದು. ಗಾಳಿಯನ್ನು ಬಾಗಿಲಲ್ಲೇ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಎಂಜಿನ್‌ನಲ್ಲಿ ಹಾಗೇ ಆಗುತ್ತದೆ, ಕಳ್ಳದಾರಿಯಲ್ಲಿ ಬಂದ ಗಾಳಿ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳಲ್ಲಿರುವುದು ಮ್ಯಾಪ್ ಸೆನ್ಸರ್. ಅದು ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡುತ್ತದೆ. ಸೋರಿ ಬಂದ ಗಾಳಿಯೂ ಒತ್ತಡ ಏರಿಸುವುದರಿಂದ ಅದಕ್ಕೂ ಪೆಟ್ರೋಲ್ ಸಿಗುತ್ತದೆ. ಆದರೆ ಆ ಪೆಟ್ರೋಲನ್ನು ನಾಲ್ಕಕ್ಕೂ ಸಮವಾಗಿ ಹಂಚಲಾಗುತ್ತದೆ, ಗಾಳಿ ಮಾತ್ರ ಮೂರನೆಯದಕ್ಕೇ ನುಗ್ಗುತ್ತದೆ. ಮೂರನೆಯದು ಪೆಟ್ರೋಲ್ ಸಾಲದೆ ತಪ್ಪುತ್ತದೆ, ಉಳಿದ ಮೂರಕ್ಕೆ ಸ್ವಲ್ಪ ಹೆಚ್ಚೇ ಸಿಗುತ್ತದೆ, ಸರಾಸರಿ ಟ್ರಿಮ್ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಇಂಥ ಕಾರಿನಲ್ಲಿ ಟ್ರಿಮ್‌ಗಿಂತ ಮ್ಯಾಪ್ ಅಂಕಿಗೆ ಗಮನ ಕೊಡಿ. ಬಿಸಿ ಐಡ್ಲಿಂಗ್‌ನಲ್ಲಿ, ಎಸಿ ಆಫ್ ಇದ್ದಾಗ, ಅದು ಸಾಮಾನ್ಯವಾಗಿ 30ರಿಂದ 35ರ ಸುತ್ತ ಇರುತ್ತದೆ. ಇಲ್ಲಿ 41 ಇತ್ತು.

ಮ್ಯಾಪ್ ಸೆನ್ಸರ್ ಸರಿಯಿದೆಯೇ ಎಂದು ನೋಡಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಓದಿ. ಮಂಗಳೂರಿನಲ್ಲಿ ಸುಮಾರು 101 ತೋರಿಸಿದರೆ, ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರಿನಲ್ಲಿ 91ರ ಹತ್ತಿರ ತೋರಿಸುತ್ತದೆ. ಇಂಟರ್ನೆಟ್‌ನಲ್ಲಿ 100 ಇರಬೇಕೆಂದು ಓದಿ ಒಳ್ಳೆಯ ಸೆನ್ಸರ್ ಎಸೆಯಬೇಡಿ.

ಸೋರಿಕೆ ಹಿಡಿಯುವುದು

ಸುಸಜ್ಜಿತ ಗ್ಯಾರೇಜಿನಲ್ಲಿ ಹೊಗೆ ಯಂತ್ರವಿದ್ದರೆ ಅದೇ ಉತ್ತಮ. ಇಂಟೇಕ್‌ಗೆ ಹೊಗೆ ತುಂಬಿದರೆ ಬಿರುಕಿನಿಂದ ಎಳೆ ಎಳೆಯಾಗಿ ಹೊರಬರುತ್ತದೆ. ಅದಿಲ್ಲದಿದ್ದರೆ ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ಸಾಕು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಮ್ಯಾನಿಫೋಲ್ಡ್ ಹೆಡ್‌ಗೆ ಕೂಡುವ ಸಾಲಿನುದ್ದಕ್ಕೂ, ಪ್ರತಿ ಇಂಜೆಕ್ಟರ್‌ನ ಬುಡಕ್ಕೂ, ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪಿಗೂ ಸ್ವಲ್ಪ ಸ್ವಲ್ಪ ಚಿಮುಕಿಸಿ. ಕಾಯಿಲ್ ಮತ್ತು ಕನೆಕ್ಟರ್‌ಗಳ ಮೇಲೆ ಬೀಳದಂತೆ ನೋಡಿಕೊಳ್ಳಿ. ನೀರು ಬಿರುಕನ್ನು ಕ್ಷಣಕಾಲ ಮುಚ್ಚಿ, ನಡುಕ ತಟ್ಟನೆ ನಿಂತು ಮತ್ತೆ ಶುರುವಾದರೆ ಜಾಗ ಸಿಕ್ಕಿತು. ಕಾರ್ಬ್ ಕ್ಲೀನರ್ ಸ್ಪ್ರೇ ಇನ್ನೂ ಸ್ಪಷ್ಟ ಉತ್ತರ ಕೊಡುತ್ತದೆ, ಆದರೆ ಅದು ಹೊತ್ತಿಕೊಳ್ಳುವ ವಸ್ತು. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುವ ಎಂಜಿನ್‌ಗಳಲ್ಲಿ ಅದನ್ನು ಬಳಸಲೇಬಾರದು.

ನಮ್ಮ ಕಾರಿನಲ್ಲಿ ಮೂರನೇ ಕೊಳವೆಯ ಕೆಳಭಾಗಕ್ಕೆ, ಮೇಲಿಂದ ಕಣ್ಣಿಗೆ ಕಾಣದ ಜಾಗಕ್ಕೆ ನೀರು ತಾಗಿದಾಗ ಮ್ಯಾಪ್ 41ರಿಂದ 34ಕ್ಕೆ ಇಳಿದು ಎಂಜಿನ್ ಎರಡು ಮೂರು ಸೆಕೆಂಡ್ ಸಮವಾಗಿ ಓಡಿತು. ಇಂಟೇಕ್ ಮ್ಯಾನಿಫೋಲ್ಡ್‌ನ ರಬ್ಬರ್ ಗ್ಯಾಸ್ಕೆಟ್ ಮೂರನೇ ಪೋರ್ಟ್ ಬಳಿ ಗಟ್ಟಿಯಾಗಿ ಚಪ್ಪಟೆಯಾಗಿತ್ತು.

ಎಲ್ಲಿ ಚಿಮುಕಿಸಿದರೂ ಬದಲಾವಣೆ ಕಾಣದಿದ್ದರೆ ಆಗ ಕಂಪ್ರೆಷನ್ ಗೇಜ್ ತೆಗೆಯಬೇಕು. ನಾಲ್ಕೂ ಪ್ಲಗ್ ಬಿಚ್ಚಿ, ಇಂಜೆಕ್ಟರ್‌ಗಳ ಕನೆಕ್ಟರ್ ಕಿತ್ತು, ಕಾಯಿಲ್‌ಗಳ ಕನೆಕ್ಟರ್ ಕೂಡ ಕಿತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಮೂರನೆಯದು ಉಳಿದವಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಸಿಎನ್‌ಜಿ ಕಿಟ್ ಹಾಕಿಸಿ ಬಹಳ ಓಡಿದ ಗಾಡಿಯಲ್ಲಿ, ಟ್ಯಾಪೆಟ್ ಅಂತರ ಕೈಯಿಂದ ಹೊಂದಿಸುವ ಎಂಜಿನ್ ಆಗಿದ್ದರೆ, ಮೊದಲು ಆ ಅಂತರ ನೋಡಿ. ವಾಲ್ವ್ ಸೀಟ್ ಸವೆದಂತೆ ಅಂತರ ಕಡಿಮೆಯಾಗಿ, ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ಗ್ಯಾಸ್ಕೆಟ್ ಬದಲಿಸಿದ ಮೇಲೆ

ಮ್ಯಾನಿಫೋಲ್ಡ್ ಬಿಚ್ಚಿದ ಕೂಡಲೇ ನಾಲ್ಕೂ ಪೋರ್ಟ್‌ಗಳಿಗೆ ಶುದ್ಧ ಬಟ್ಟೆ ತುರುಕಿ, ಒಂದು ವಾಷರ್ ಒಳಗೆ ಬಿದ್ದರೆ ಹೆಡ್ ಬಿಚ್ಚಬೇಕಾದೀತು. ಹೆಡ್‌ನ ಮೇಲ್ಮೈ ಒರೆಸಲು ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಬಾಗಿದೆಯೇ ಎಂದು ನೇರವಾದ ಉಕ್ಕಿನ ಸ್ಕೇಲ್ ಇಟ್ಟು ನೋಡಿ, ಬಾಗಿದ್ದರೆ ಹೊಸ ಗ್ಯಾಸ್ಕೆಟ್ ಕೆಲವೇ ತಿಂಗಳು ತಡೆಯುತ್ತದೆ. ತೋಡಿನಲ್ಲಿ ಕುಳಿತು ಮುಚ್ಚುವ ರಬ್ಬರ್ ಗ್ಯಾಸ್ಕೆಟ್ ಇದ್ದರೆ ಅದಕ್ಕೆ ಸಿಲಿಕೋನ್ ಪೇಸ್ಟ್ ಹಚ್ಚುವುದು ಬೇಡ, ಹೆಚ್ಚಾದದ್ದು ಒಳಗೆ ಹಿಂಡಿಕೊಂಡು ಹೋಗುತ್ತದೆ. ಬೋಲ್ಟ್‌ಗಳನ್ನು ನಡುವಿನಿಂದ ಎರಡೂ ಬದಿಗೆ ಸರಿಯುತ್ತಾ ಎರಡು ಮೂರು ಹಂತದಲ್ಲಿ, ಪುಸ್ತಕದ ಟಾರ್ಕ್‌ವರೆಗೆ ಬಿಗಿಯಿರಿ.

ಈಗ ಕೋಡ್ ಅಳಿಸಬಹುದು. ಅಳಿಸಿದಾಗ LTFT ಕೂಡ ಸೊನ್ನೆಗೆ ಬರುವುದರಿಂದ ಮೊದಲ ಕೆಲವು ನಿಮಿಷ ಐಡ್ಲಿಂಗ್ ಸ್ವಲ್ಪ ಏರುಪೇರಾದರೆ ಗಾಬರಿ ಬೇಡ. ಬಿಸಿಯಾದ ಮೇಲೆ ಮ್ಯಾಪ್ 30–35ರೊಳಗೆ, ಟ್ರಿಮ್ ಮೊತ್ತ ಐದರೊಳಗೆ, $A4ರ ಎಣಿಕೆ ಸೊನ್ನೆಯಲ್ಲೇ ನಿಂತಿರಬೇಕು. ಎಸಿ ಹಾಕಿ, ಹೆಡ್‌ಲೈಟ್ ಹಾಕಿ ಮತ್ತೊಮ್ಮೆ ನೋಡಿ. ಲೈಟನ್ನು ಅಳಿಸದೆ ಬಿಟ್ಟರೂ ಮಿಸ್‌ಫೈರ್ ಇಲ್ಲದೆ ಮೂರು ಓಟ ಮುಗಿದರೆ ಅದು ತಾನಾಗಿ ಆರುತ್ತದೆ.

ಕೆಲವು ವಾರದ ನಂತರ, ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎನ್ನುವ P0420 ಎಂಬ ಹೊಸ ಕೋಡ್ ಬಂದರೆ ಅದು ಗ್ಯಾಸ್ಕೆಟ್ ಕೆಲಸದ ತಪ್ಪಲ್ಲ. ಮಿಸ್‌ಫೈರ್ ಇದ್ದಾಗ ಗಾಡಿ ತುಂಬ ದಿನ ಓಡಿ ಕನ್ವರ್ಟರ್ ಸೊರಗಿರಬಹುದು. ಅದನ್ನು ಬದಲಾಯಿಸುವ ಮೊದಲು ಹಿಂದಿನ ಆಕ್ಸಿಜನ್ ಸೆನ್ಸರ್‌ನ ಗ್ರಾಫ್ ನೋಡಿ. ಮುಂದಿನ ಸೆನ್ಸರ್ ಏರಿಳಿದಂತೆಲ್ಲ ಹಿಂದಿನದೂ ಅದೇ ವೇಗದಲ್ಲಿ ಏರಿಳಿಯುತ್ತಿದ್ದರೆ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ. ಹಿಂದಿನದು ಹೆಚ್ಚುಕಡಿಮೆ ನೇರ ಗೆರೆಯಾಗಿದ್ದರೆ ಕನ್ವರ್ಟರ್ ಇನ್ನೂ ಜೀವಂತವಿದೆ, ಎಕ್ಸಾಸ್ಟ್ ಪೈಪಿನ ಸೇರುಗಡೆಗಳಲ್ಲಿ ಹೊಗೆ ಸೋರುತ್ತಿದೆಯೇ ನೋಡಿ.